ಎಲ್ಲರಿಗೂ ಬರೆದ ಓಲೆ, ಒಬ್ಬರಿಗೇ ಬರೆದ ಓಲೆ

ಕೆಲವು ವರ್ಷಗಳ ಹಿಂದೆ ಶಾಸನಾಧ್ಯಯನಕ್ಕೆ ಸಂಬಂಧಿಸಿದ ಲೇಖನಸಂಕಲನವೊಂದರ ಸಂಪಾದಕ ಮಂಡಲಿಯಲ್ಲಿ ನಾನೂ ಒಬ್ಬನಾಗಿದ್ದೆ. ಲೇಖಕರು, ಸಂಪಾದಕರು, ಅಕ್ಷರಜೋಡಣೆಯವರು ಎಲ್ಲರೂ ಸೇರಿ ನಲವತ್ತೆರಡು ಮಂದಿ. ಒಂದು ಶುಕ್ರವಾರ ಕರಡಚ್ಚು ಸಿದ್ಧವಾಯಿತು. ನಮ್ಮ ಪ್ರಧಾನ ಸಂಪಾದಕರು ಅದನ್ನು ನಲವತ್ತೆರಡು ಜನರಿಗೂ ಒಂದೇ ಮಿಂಚಂಚೆಯಲ್ಲಿ ಕಳುಹಿಸಿ, ತಿದ್ದುಪಡಿಗಳನ್ನು ಮುಂದಿನ ಶನಿವಾರದೊಳಗೆ ತಿಳಿಸಬೇಕೆಂದು ಕೋರಿದರು. ಪತ್ರದ ಶೀರ್ಷಿಕೆ 'ಕರಡಚ್ಚು: ತಿದ್ದುಪಡಿಗಾಗಿ' ಎಂದಿತ್ತು. ಎಲ್ಲರ ವಿಳಾಸಗಳೂ ಎಲ್ಲರಿಗೂ ಕಾಣುವಂತಿದ್ದವು.

ಸೋಮವಾರ ಬೆಳಿಗ್ಗೆ ಯುವ ಸಂಶೋಧಕಿಯೊಬ್ಬರು Reply all ಒತ್ತಿ ಬರೆದರು. ಸಂಕಲನದ ಹಿರಿಯ ಲೇಖಕರೊಬ್ಬರು ಚರ್ಚಿಸಿದ್ದ ನಿಸಿದಿಗಲ್ಲೊಂದರ ಕಾಲವನ್ನು 'ಶಕವರ್ಷ 1045, ಶುಭಕೃತ್ ಸಂವತ್ಸರ, ಅಂದರೆ ಕ್ರಿ.ಶ. 1122' ಎಂದು ಅಚ್ಚು ಮಾಡಲಾಗಿತ್ತು. ಶಕ 1045ಕ್ಕೆ ಬರಬೇಕಾದ ಸಂವತ್ಸರ ಶೋಭಕೃತ್, ಆದ್ದರಿಂದ ವರ್ಷ 1123 ಆಗಬೇಕು ಎಂಬುದು ಆಕೆಯ ಆಕ್ಷೇಪ. ಎರಡು ಹೆಸರುಗಳ ನಡುವೆ ಇರುವುದು ಒಂದು ಸ್ವರದ ವ್ಯತ್ಯಾಸ. ಅರವತ್ತು ಸಂವತ್ಸರಗಳ ಪಟ್ಟಿಯಲ್ಲಿ ಅವು ಒಂದರ ಪಕ್ಕ ಒಂದು ನಿಂತಿವೆ: ಮೂವತ್ತಾರನೆಯದು ಶುಭಕೃತ್, ಮೂವತ್ತೇಳನೆಯದು ಶೋಭಕೃತ್.

ಲೆಕ್ಕ ಕಠಿಣವಾದುದೇನಲ್ಲ. ಗತ ಶಕವರ್ಷಕ್ಕೆ ಹನ್ನೆರಡನ್ನು ಕೂಡಿಸಿ ಅರವತ್ತರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸ್ಥಾನ. 1045ಕ್ಕೆ 12 ಸೇರಿದರೆ 1057, ಅದರಲ್ಲಿ ಅರವತ್ತು ಹದಿನೇಳು ಬಾರಿ ಹೋಗಿ ಮೂವತ್ತೇಳು ಉಳಿಯುತ್ತದೆ. ಸಂಶೋಧಕಿಯ ಮಾತು ಸರಿಯೆಂದು ತೋರುತ್ತದೆ. ಆದರೆ ಶಾಸನಗಳನ್ನು ಓದಿದವರಿಗೆಲ್ಲ ಗೊತ್ತಿರುವ ಒಂದು ತೊಡಕಿದೆ. ಕಲ್ಲಿನ ಮೇಲಿನ ಶಕವರ್ಷವು ಮುಗಿದ ವರ್ಷವೂ ಆಗಿರಬಹುದು, ನಡೆಯುತ್ತಿರುವ ವರ್ಷವೂ ಆಗಿರಬಹುದು. ಅದು ವರ್ತಮಾನ ವರ್ಷವಾಗಿದ್ದರೆ ಗತವರ್ಷ 1044 ಆಗಿ, ಸಂವತ್ಸರ ಶುಭಕೃತ್ತೇ ಆಗುತ್ತದೆ, ಕ್ರಿಸ್ತವರ್ಷವೂ 1122 ಆಗುತ್ತದೆ. ಹಿರಿಯರ ಮಾತಿಗೂ ನೆಲೆಯಿತ್ತು. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಪಟ್ಟಿ ನೋಡಿ ತೀರ್ಮಾನಿಸುವಂತಿರಲಿಲ್ಲ. ಕಲ್ಲಿನ ಮೇಲೆ 'ಶು' ಇದೆಯೋ 'ಶೋ' ಇದೆಯೋ ಎಂದು ನೋಡಿದವರೇ ಹೇಳಬೇಕಿತ್ತು. ಆ ಕಲ್ಲನ್ನು ನಮ್ಮಲ್ಲಿ ಕಣ್ಣಾರೆ ಕಂಡು ಪಡಿಯಚ್ಚು ತೆಗೆದಿದ್ದವರು ಆ ಹಿರಿಯರೊಬ್ಬರೇ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಪತ್ರಗಳು ಬಂದಿದ್ದವು. ಮೊದಲಿನ ನಾಲ್ಕು ಪತ್ರಗಳನ್ನು ನಾನು ಆಸಕ್ತಿಯಿಂದ ಓದಿದೆ. ಗತ-ವರ್ತಮಾನಗಳ ಚರ್ಚೆ ಎಲ್ಲರಿಗೂ ಉಪಯುಕ್ತವಾಗಿತ್ತು. ಐದನೆಯ ಪತ್ರದಿಂದ ವಾಕ್ಯಗಳ ಕರ್ತೃಪದ ಬದಲಾಯಿತು. ಅದುವರೆಗೆ 'ಶಾಸನ ಹೇಳುತ್ತದೆ', 'ಪಾಠ ಹೀಗಿದೆ', 'ಸಂವತ್ಸರ ಹೊಂದುವುದಿಲ್ಲ' ಎಂದಿದ್ದದ್ದು, ಈಗ 'ತಾವು ಗಮನಿಸಿಲ್ಲ', 'ನೀವು ಇನ್ನೂ ಓದಬೇಕಾದದ್ದಿದೆ' ಎಂದಾಯಿತು. ಕಲ್ಲು ಕರ್ತೃವಾಗಿದ್ದ ಕಡೆ ಮನುಷ್ಯರು ಕರ್ತೃಗಳಾದರು. ಬರೆಯುತ್ತಿದ್ದವರು ಇಬ್ಬರೇ, ಓದುತ್ತಿದ್ದವರು ನಲವತ್ತು ಮಂದಿ. ನಡುವೆ ಮೂರನೆಯವರೊಬ್ಬರು 'ದಯವಿಟ್ಟು ನನ್ನನ್ನು ಈ ಪತ್ರವ್ಯವಹಾರದಿಂದ ಕೈಬಿಡಿ' ಎಂಬುದನ್ನೂ ಎಲ್ಲರಿಗೂ ಬರೆದರು. ಅವರಿಗೆ 'ನನ್ನನ್ನೂ' ಎಂದು ಇನ್ನೊಬ್ಬರು ದನಿಗೂಡಿಸಿದರು. ಈ ರೋಗ ಹಳೆಯದು. 1997ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಒಳಗೇ, ಸುಮಾರು ಹದಿಮೂರು ಸಾವಿರ ನೌಕರರಿದ್ದ ವಿಳಾಸಪಟ್ಟಿಯೊಂದಕ್ಕೆ 'ನನ್ನನ್ನು ಇದರಿಂದ ತೆಗೆಯಿರಿ', 'ನನ್ನನ್ನೂ ತೆಗೆಯಿರಿ' ಎಂದು ಒಬ್ಬರಾದ ಮೇಲೊಬ್ಬರು ಎಲ್ಲರಿಗೂ ಬರೆದು ಅಂಚೆವ್ಯವಸ್ಥೆಯೇ ಕುಸಿದಿತ್ತು.

ಸಂಪಾದಕನಾಗಿ ನಾನು ನಡುವೆ ಪ್ರವೇಶಿಸಬೇಕಾಗಿತ್ತು. ಆದರೆ ಆ ಮಧ್ಯಾಹ್ನ ಕೈ ಹಿಂಜರಿಯಿತು. ಅದಕ್ಕೆ ಕಾರಣ ಹಿಂದೆ ನಾನೇ ಮಾಡಿಕೊಂಡಿದ್ದ ಎರಡು ಎಡವಟ್ಟುಗಳು.

ಮೊದಲನೆಯದು ವಿಚಾರ ಸಂಕಿರಣವೊಂದರ ಕಾಲದ್ದು. ಅಧ್ಯಕ್ಷರ ಆಯ್ಕೆಯ ಬಗ್ಗೆ ಇಪ್ಪತ್ತು ಜನರ ನಡುವೆ ಮಾತು ಬಿಸಿಯಾದಾಗ, ನಾನು ಯಾರಿಗೂ ಹೇಳದೆ ಇಬ್ಬರ ಜೊತೆ ಬೇರೆ ಪತ್ರ ಆರಂಭಿಸಿ ಎಲ್ಲವನ್ನೂ ಸರಿಪಡಿಸಿಬಿಟ್ಟೆ. ನನ್ನ ಮಟ್ಟಿಗೆ ವಿಷಯ ಮುಗಿದಿತ್ತು. ಉಳಿದ ಹದಿನೇಳು ಜನರ ಪಾಲಿಗೆ ಮುಗಿದಿರಲಿಲ್ಲ. ಅವರ ಕಣ್ಣಿಗೆ ಚರ್ಚೆ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ವಾರ ಕಳೆದ ಮೇಲೆ ಒಬ್ಬರು ಹಳೆಯ ಪತ್ರವನ್ನೇ ಎಬ್ಬಿಸಿ ತಮ್ಮ ಸಲಹೆ ಮಂಡಿಸಿದರು. ಮತ್ತೊಬ್ಬರು ತಾವಾಗಿಯೇ ಬೇರೆ ವಿದ್ವಾಂಸರನ್ನು ಅಧ್ಯಕ್ಷತೆಗೆ ಕೇಳಿಬಿಟ್ಟಿದ್ದರು. ಇಬ್ಬರು ಅಧ್ಯಕ್ಷರನ್ನು ಸಂಭಾಳಿಸುವ ಕಷ್ಟವನ್ನು ಇಲ್ಲಿ ವಿವರಿಸುವುದಿಲ್ಲ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಗುರುಸಮಾನರಾದವರೊಬ್ಬರಿಗೆ ಸೂಕ್ಷ್ಮವಾದ ಪತ್ರವೊಂದನ್ನು ಬರೆಯುವಾಗ, ನನ್ನ ಧಾಟಿ ಸರಿಯಿದೆಯೇ ಎಂದು ಗೆಳೆಯರೊಬ್ಬರು ನೋಡಲಿ ಎಂಬ ಆಸೆಯಿಂದ ಅವರ ವಿಳಾಸವನ್ನು Bcc ಜಾಗದಲ್ಲಿ ಹಾಕಿದೆ. ಅಲ್ಲಿರುವ ಹೆಸರು ಬೇರೆಯವರಿಗೆ ಕಾಣುವುದಿಲ್ಲ, ನಿಜ. ಆದರೆ ಅಲ್ಲಿರುವವರು Reply all ಒತ್ತಿದರೆ ಅವರ ಉತ್ತರ ಪತ್ರ ಬರೆದವನಿಗೂ ಕಾಣುವ ವಿಳಾಸಗಳಿಗೂ ಹೋಗುತ್ತದೆ. ಗೆಳೆಯರು ಅವಸರದಲ್ಲಿ ಹಾಗೆಯೇ ಒತ್ತಿ 'ಚೆನ್ನಾಗಿ ಬರೆದಿದ್ದೀಯ' ಎಂದರು. ಆ ಮೆಚ್ಚುಗೆ ನೇರವಾಗಿ ಹಿರಿಯರ ಕೈಸೇರಿತು. 'ನಾವಿಬ್ಬರೇ ಮಾತಾಡುತ್ತಿದ್ದೇವೆಂದು ಭಾವಿಸಿದ್ದೆ' ಎಂಬ ಅವರ ಒಂದು ಸಾಲಿನ ಉತ್ತರ ಇವತ್ತಿಗೂ ನನ್ನಲ್ಲಿದೆ. ಅಂದಿನಿಂದ ಒಬ್ಬರಿಗೆಂದು ಬರೆದದ್ದನ್ನು ಒಬ್ಬರಿಗೇ ಕಳುಹಿಸುತ್ತೇನೆ.

ಸೋಮವಾರದ ಸಂಜೆಗೆ ಮರಳುತ್ತೇನೆ. ಹನ್ನೊಂದು ಪತ್ರಗಳನ್ನೂ ಇನ್ನೊಮ್ಮೆ ಓದಿ, ಅವುಗಳಲ್ಲಿ ಯಾವುದು ನಲವತ್ತೆರಡು ಜನರದು, ಯಾವುದು ಒಬ್ಬರದು ಎಂದು ಬೇರ್ಪಡಿಸಲು ಪ್ರಯತ್ನಿಸಿದೆ. 1122ನೇ ಇಸವಿಯು ಒಬ್ಬರ ಸ್ವತ್ತಾಗಿರಲಿಲ್ಲ. ಅದೇ ಸಂಕಲನದ ಇನ್ನೊಂದು ಲೇಖನದಲ್ಲಿ ಮತ್ತೊಬ್ಬ ಲೇಖಕರು ಹಿರಿಯರ ಮೇಲಿನ ಭರವಸೆಯಿಂದ ಆ ಇಸವಿಯನ್ನೇ ಎತ್ತಿಕೊಂಡು, ಅದರ ಮೇಲೆ ಒಂದು ವಂಶಾವಳಿಯ ಕಾಲಾನುಕ್ರಮವನ್ನು ಕಟ್ಟಿದ್ದರು. ಆದ್ದರಿಂದ ಕೊನೆಗೆ ಯಾವ ವರ್ಷ ನಿಲ್ಲುತ್ತದೆ ಎಂಬುದು ಎಲ್ಲರಿಗೂ ತಿಳಿಯಲೇಬೇಕಿತ್ತು. ಪ್ರಶ್ನೆ ಬಯಲಿನಲ್ಲಿ ಎದ್ದಿದೆ, ಉತ್ತರವನ್ನು ಒಳಮನೆಯಲ್ಲಿ ಮುಗಿಸಿದರೆ ತಪ್ಪಾಗುತ್ತದೆ. ಆದರೆ ತಪ್ಪು ಹೇಗೆ ನುಸುಳಿತು, ಹಿರಿಯರ ಟಿಪ್ಪಣಿಪುಸ್ತಕದಲ್ಲಿ ಏನಿದೆ, ಅವರು ಕರಡಚ್ಚನ್ನು ನೋಡಿದರೋ ಇಲ್ಲವೋ ಎಂಬ ಪ್ರಶ್ನೆಗಳನ್ನು ನಲವತ್ತು ಜನರ ಎದುರು ಕೇಳಿದರೆ ಅವರು ಉತ್ತರಿಸುವುದಿಲ್ಲ, ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ. ನಾನಾದರೂ ಹಾಗೆಯೇ ಮಾಡುತ್ತಿದ್ದೆ. ಎಂದರೆ ಸರಣಿಯಿಂದ ಹೊರಗೆ ಹೋಗಬೇಕಾದದ್ದು ವಿಚಾರಣೆಯ ಭಾಗ ಮಾತ್ರ. ತೀರ್ಮಾನ ಮರಳಿ ಅಲ್ಲಿಗೇ ಬರಬೇಕು.

ಇದು ಸ್ಪಷ್ಟವಾದ ಮೇಲೂ ಮಾತುಗಳನ್ನು ಕೂಡಿಸುವುದು ಸುಲಭವಾಗಲಿಲ್ಲ. ಎಲ್ಲರಿಗೂ ಕಳುಹಿಸಬೇಕಾದ ಪತ್ರಕ್ಕೆ ಮೊದಲು ನಾನು ಬರೆದುಕೊಂಡ ಒಕ್ಕಣೆ ಇದು: 'ಈ ಚರ್ಚೆ ಇಲ್ಲಿ ಬೇಡ. ಸಂಬಂಧಪಟ್ಟವರು ಖಾಸಗಿಯಾಗಿ ಮಾತನಾಡಿಕೊಳ್ಳಲಿ.' ಕಳುಹಿಸುವ ಮುನ್ನ ಅದನ್ನು ಸಂಶೋಧಕಿಯ ಕಣ್ಣಿನಿಂದ ಓದಿದೆ. ಪ್ರಶ್ನೆ ಕೇಳಿದ್ದಕ್ಕೆ ಬಾಯಿ ಮುಚ್ಚಿಸಿದರು ಎಂದು ಕೇಳಿಸಿತು. ಹಿರಿಯರ ಕಣ್ಣಿನಿಂದ ಓದಿದೆ. ಮರೆಯಲ್ಲಿಡಬೇಕಾದ ತಪ್ಪೊಂದು ನಡೆದಿದೆ ಎಂದು ನಲವತ್ತು ಜನರಿಗೆ ಸಾರಿದಂತಿತ್ತು. ಎರಡು ಸಣ್ಣ ವಾಕ್ಯಗಳಲ್ಲಿ ಇಬ್ಬರಿಗೂ ಅವಮಾನ. ಎರಡನೆಯ ಯತ್ನದಲ್ಲಿ ಸರಿಸುವುದಕ್ಕೆ ಕಾರಣವನ್ನು ಮನುಷ್ಯರ ನಡವಳಿಕೆಯಿಂದ ತೆಗೆದು ಕೆಲಸದ ಮೇಲೆ ಇರಿಸಿದೆ. ಕಳುಹಿಸಿದ ಪತ್ರ ಹೀಗಿತ್ತು:

'ಮಾನ್ಯರೆ, ಶಕವರ್ಷ 1045ರ ಸಂವತ್ಸರದ ಬಗ್ಗೆ ಬಂದಿರುವ ಪ್ರಶ್ನೆ ಮುಖ್ಯವಾದುದು. ವರ್ಷವನ್ನು ಗತವೆಂದು ಹಿಡಿದರೆ ಶೋಭಕೃತ್, ವರ್ತಮಾನವೆಂದು ಹಿಡಿದರೆ ಶುಭಕೃತ್ ಬರುವುದರಿಂದ, ಮೂಲದ ಪಾಠವನ್ನು ನೋಡದೆ ಇದು ನಿರ್ಧಾರವಾಗದು. ಪಡಿಯಚ್ಚು ಲೇಖಕರ ಬಳಿ ಇದೆ. ಅದನ್ನು ಪರಿಶೀಲಿಸುವ ಬಗ್ಗೆ ಅವರಿಗೆ ನಾನು ಬೇರೆಯಾಗಿ ಬರೆಯುತ್ತಿದ್ದೇನೆ. ಬುಧವಾರ ಸಂಜೆಯೊಳಗೆ ಫಲಿತಾಂಶವನ್ನು ಇದೇ ಪತ್ರಸರಣಿಯಲ್ಲಿ ತಿಳಿಸುತ್ತೇನೆ. ಅಲ್ಲಿಯವರೆಗೆ ಈ ಇಸವಿಯನ್ನು ಬಳಸಿರುವ ಪುಟಗಳನ್ನು ಅಂತಿಮಗೊಳಿಸುವುದು ಬೇಡ. ಉಳಿದ ತಿದ್ದುಪಡಿಗಳು ಎಂದಿನಂತೆ ಮುಂದುವರಿಯಲಿ.'

ಇದರಲ್ಲಿ ಯಾರೂ ಸರಿಯೆಂದಾಗಲಿ ತಪ್ಪೆಂದಾಗಲಿ ಇಲ್ಲ. ನಾನು ಯಾರೊಡನೆ ಬೇರೆಯಾಗಿ ಮಾತನಾಡುತ್ತಿದ್ದೇನೆ, ಏತಕ್ಕಾಗಿ, ಯಾವಾಗ ಹಿಂದಿರುಗುತ್ತೇನೆ, ಅಷ್ಟರವರೆಗೆ ಮಿಕ್ಕವರು ಏನು ಮಾಡಬೇಕು ಎಂಬಷ್ಟು ಇದೆ. 'ಇದೇ ಪತ್ರಸರಣಿಯಲ್ಲಿ' ಎಂಬ ಮಾತನ್ನು ಬೇಕೆಂದೇ ಸೇರಿಸಿದೆ. ದಿನವನ್ನು ಹೇಳದೆ 'ಶೀಘ್ರದಲ್ಲಿ' ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ನಮ್ಮ ವಿದ್ವತ್ ವಲಯದಲ್ಲಿ 'ಶೀಘ್ರದಲ್ಲಿ' ಎಂಬುದಕ್ಕೆ ಎಷ್ಟು ವರ್ಷಗಳೆಂಬುದನ್ನು ಗ್ರಂಥಸಂಪಾದನೆಯಲ್ಲಿ ತೊಡಗಿದವರು ಬಲ್ಲರು.

ಹಿರಿಯರಿಗೆ ಬರೆಯುವ ಪತ್ರಕ್ಕೆ ಹಳೆಯ ಪತ್ರದಲ್ಲಿ Reply ಒತ್ತಿ ಆರಂಭಿಸಲಿಲ್ಲ. ಹಾಗೆ ಮಾಡಿದ್ದರೆ ಹನ್ನೊಂದು ಪತ್ರಗಳ ಬಾಲವೂ ಕೆಳಗೆ ಅಂಟಿಕೊಂಡು ಬರುತ್ತಿತ್ತು, ಪ್ರತಿ ಸಲ ಓದುವಾಗಲೂ ಆ ಚುಚ್ಚುಮಾತುಗಳು ಅವರ ಕಣ್ಣಿಗೆ ಬೀಳುತ್ತಿದ್ದವು. ಇನ್ನೂ ಒಂದು ಅಪಾಯವಿದೆ. ನಾಳೆ ಅವರು ಆ ಖಾಸಗಿ ಪತ್ರವನ್ನು ಯಾರಿಗಾದರೂ ಮುಂದೆ ಕಳುಹಿಸಿದರೆ ಬಾಲದಲ್ಲಿರುವುದೆಲ್ಲ ಜೊತೆಗೆ ಹೋಗುತ್ತದೆ. ಶೀರ್ಷಿಕೆ ಅದೇ ಆಗಿದ್ದರೆ, ಯಾವುದು ಎಲ್ಲರದು, ಯಾವುದು ಇಬ್ಬರದು ಎಂಬುದು ಅವಸರದ ಕಣ್ಣಿಗೆ ಗೊತ್ತಾಗದೆ, ಒಬ್ಬರಿಗೆಂದು ಬರೆದ ಉತ್ತರ ನಲವತ್ತೆರಡು ಮನೆಗಳಿಗೆ ಹೋಗುವ ಸಂಭವವೂ ಉಂಟು. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂತೆಗೆದುಕೊಳ್ಳಲು ಗರಿಷ್ಠ ಮೂವತ್ತು ಸೆಕೆಂಡುಗಳ ಅವಕಾಶವಿದೆ, ಅದನ್ನೂ ಮೊದಲೇ ಹೊಂದಿಸಿಕೊಂಡಿರಬೇಕು. ಮೂವತ್ತು ಸೆಕೆಂಡಿನಲ್ಲಿ ಪಶ್ಚಾತ್ತಾಪಪಡುವಷ್ಟು ಚುರುಕು ನನಗಿಲ್ಲ. ಆದ್ದರಿಂದ ಹೊಸ ಪತ್ರ ತೆರೆದು, ಒಂದೇ ವಿಳಾಸ ಹಾಕಿ, 'ನಿಸಿದಿಗಲ್ಲಿನ ಪಡಿಯಚ್ಚು: ತಮ್ಮ ನೆರವು ಬೇಕು' ಎಂದು ಹೊಸ ಶೀರ್ಷಿಕೆ ಕೊಟ್ಟೆ.

'ಪೂಜ್ಯ ಗುರುಗಳಿಗೆ ಪ್ರಣಾಮಗಳು. ಈ ಪತ್ರವನ್ನು ತಮಗೊಬ್ಬರಿಗೇ ಬರೆಯುತ್ತಿದ್ದೇನೆ, ಇದರ ಪ್ರತಿ ಬೇರೆ ಯಾರಿಗೂ ಹೋಗಿಲ್ಲ. ಆ ಕಲ್ಲನ್ನು ಕಂಡವರು ನಮ್ಮಲ್ಲಿ ತಾವೊಬ್ಬರೇ. ತಮ್ಮ ಪಡಿಯಚ್ಚಿನಲ್ಲಿ ಅಥವಾ ಅಂದಿನ ಟಿಪ್ಪಣಿಯಲ್ಲಿ ಸಂವತ್ಸರದ ಮೊದಲ ಅಕ್ಷರ ಶು ಎಂದಿದೆಯೋ ಶೋ ಎಂದಿದೆಯೋ ದಯವಿಟ್ಟು ನೋಡಿ ತಿಳಿಸುವಿರಾ? ಪಾಠ ಶು ಎಂದೇ ಇದ್ದರೆ, ವರ್ಷವನ್ನು ವರ್ತಮಾನವೆಂದು ಹಿಡಿದಿರುವುದಾಗಿ ಒಂದು ಅಡಿಟಿಪ್ಪಣಿ ಸೇರಿಸಿದರೆ ಸಾಕು. ಶೋ ಎಂದಿದ್ದರೆ ಇಸವಿಯನ್ನು ತಿದ್ದೋಣ. ಇತರರಿಗೆ ಏನನ್ನು ತಿಳಿಸಬೇಕೆಂಬ ಒಕ್ಕಣೆಯನ್ನು ತಮಗೆ ಮೊದಲು ತೋರಿಸಿಯೇ ಕಳುಹಿಸುತ್ತೇನೆ.'

ಎರಡು ಸಾಧ್ಯತೆಗಳಲ್ಲೂ ಅವರಿಗೆ ದಾರಿಯಿತ್ತು. ಅದಿಲ್ಲದಿದ್ದರೆ ಖಾಸಗಿ ಪತ್ರವೂ ಇನ್ನೊಂದು ಕಟಕಟೆಯಾಗುತ್ತದೆ. 'ಇಲ್ಲಿ ಯಾರೂ ನೋಡುತ್ತಿಲ್ಲ, ಈಗಲಾದರೂ ಒಪ್ಪಿಕೊಳ್ಳಿ' ಎಂಬ ಧಾಟಿಯ ಪತ್ರಗಳನ್ನು ನಾನು ಕಂಡಿದ್ದೇನೆ. ಅಂಥ ಪತ್ರ ಪಡೆದವರು ಮರುಕ್ಷಣವೇ ಅದನ್ನು ಮೂಲ ಸರಣಿಗೆ ಹಾಕಿ, ನೋಡಿ ನನ್ನನ್ನು ಮರೆಯಲ್ಲಿ ಒತ್ತಾಯಿಸುತ್ತಿದ್ದಾರೆ ಎಂದದ್ದೂ ಉಂಟು.

ಸಂಶೋಧಕಿಗೂ ಬೇರೆ ಪತ್ರ ಬರೆದೆ. ಇಬ್ಬರನ್ನೂ ಒಂದೇ ಪತ್ರದಲ್ಲಿ ಸೇರಿಸಬಹುದಿತ್ತು. ಆದರೆ ಆಗ ಜಗಳ ಸಣ್ಣ ಕೋಣೆಗೆ ವರ್ಗವಾಗುತ್ತಿತ್ತೇ ಹೊರತು ತಣಿಯುತ್ತಿರಲಿಲ್ಲ. ಆಕೆಯ ಪ್ರಶ್ನೆಯಿಂದಲೇ ಇನ್ನೊಂದು ಲೇಖನದ ತೊಡಕೂ ಬೆಳಕಿಗೆ ಬಂದದ್ದನ್ನು ತಿಳಿಸಿದೆ. ಆಕೆಯ ಉತ್ತರ ಹತ್ತು ನಿಮಿಷದಲ್ಲಿ ಬಂದಿತು: 'ಧನ್ಯವಾದಗಳು ಸರ್. ಒಂದೇ ಒಂದು ಕೇಳಲೇ? ಇದು ಒಳಗೊಳಗೇ ಮುಗಿದುಹೋಗುವುದಿಲ್ಲ ತಾನೆ?'

ಆ ಪ್ರಶ್ನೆ ನನ್ನನ್ನು ಕಲಕಿತು. ಕಿರಿಯರೊಬ್ಬರು ಹತ್ತು ಜನರ ಎದುರು ಎತ್ತಿದ ಆಕ್ಷೇಪವನ್ನು 'ಆಮೇಲೆ ಮಾತಾಡೋಣ' ಎಂದು ಪಕ್ಕಕ್ಕೆ ಕರೆದೊಯ್ದು ಅಲ್ಲೇ ಆರಿಸಿಬಿಡುವುದು ನಮ್ಮಲ್ಲಿ ಎಷ್ಟು ಸಲ ನಡೆದಿಲ್ಲ! ಹಿರಿಯರ ಮರ್ಯಾದೆ ಉಳಿಯುತ್ತದೆ, ಅಚ್ಚಾದ ತಪ್ಪೂ ಉಳಿಯುತ್ತದೆ. ನಾನು ಮಾಡಿದ್ದೂ ಹೊರಗಿನಿಂದ ನೋಡುವವರಿಗೆ ಹಾಗೆಯೇ ಕಾಣುವಂತಿತ್ತು. ಬುಧವಾರ ಸಂಜೆ ನಾನು ಬರೆಯದೆ ಹೋಗಿದ್ದರೆ ಅದು ಹಾಗೆಯೇ ಆಗಿಬಿಡುತ್ತಿತ್ತು ಕೂಡ. ಗೌರವಧನ, ಆಯ್ಕೆ, ಯಾರ ಲೇಖನ ಕೈಬಿಡಬೇಕು ಎಂಬಂಥ ವಿಷಯಗಳಲ್ಲಿ ಯಾರಾದರೂ ನನ್ನನ್ನು ಸರಣಿಯಿಂದ ಪಕ್ಕಕ್ಕೆ ಕರೆದರೆ ಈಗ ನಾನು ಹೋಗುವುದಿಲ್ಲ. 'ತಮ್ಮ ಮಾತನ್ನು ಎಲ್ಲರ ಮುಂದೆಯೇ ಇಡುವುದು ಒಳಿತೆಂದು ತೋರುತ್ತದೆ, ತಾವೇ ಬರೆಯುವಿರೋ, ನಾನು ಬರೆಯಲೋ?' ಎಂದು ಉತ್ತರಿಸುತ್ತೇನೆ.

ಹಿರಿಯರಿಂದ ಮಂಗಳವಾರವಿಡೀ ಸದ್ದಿಲ್ಲ. ಬುಧವಾರ ಬೆಳಿಗ್ಗೆ ಮಿಂಚಂಚೆಗೆ ಬದಲು ದೂರವಾಣಿ ಕರೆ ಬಂದಿತು. ಟಿಪ್ಪಣಿಪುಸ್ತಕ ಹುಡುಕಿಸಿ ಮೊಮ್ಮಗನಿಂದ ಓದಿಸಿದರಂತೆ. ಅದರಲ್ಲಿ ಅವರದೇ ಕೈಬರಹದಲ್ಲಿ, ಸ್ಪಷ್ಟವಾಗಿ, ಶೋಭಕೃತ್ ಎಂದಿದೆ. ಪಡಿಯಚ್ಚೂ ಅದನ್ನೇ ಹೇಳುತ್ತದೆ. ಬೆರಳಚ್ಚಿನಲ್ಲಿ ಶೋ ಹೋಗಿ ಶು ಬಂದಿದೆ, ಅದಕ್ಕೆ ಹೊಂದುವಂತೆ ಯಾರೋ ಇಸವಿಯನ್ನೂ 1122 ಮಾಡಿದ್ದಾರೆ. 'ಕರಡನ್ನು ನಾನು ನೋಡಲೇ ಇಲ್ಲಪ್ಪ' ಎಂದರು ತಗ್ಗಿದ ದನಿಯಲ್ಲಿ. ಎರಡೂ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿ ಇನ್ನೂ ತಿಂಗಳಾಗಿರಲಿಲ್ಲ. 'ಅಕ್ಷರ ಕಾಣದವನು ಶಾಸನದ ಲೇಖನ ಬರೆದ ಎಂದು ಆ ನಲವತ್ತು ಜನ ನಗಬಾರದಲ್ಲವೆ, ಅದಕ್ಕೇ ವಾದಿಸಿಬಿಟ್ಟೆ.' ಮೊಮ್ಮಗ ಟಿಪ್ಪಣಿಯ ಪುಟದ ಛಾಯಾಚಿತ್ರವನ್ನು ಕಳುಹಿಸಿದ.

ಎಲ್ಲರಿಗೂ ಬರೆಯಬೇಕಾದ ಒಕ್ಕಣೆಯನ್ನು ಅವರಿಗೆ ಫೋನಿನಲ್ಲೇ ಓದಿ ಹೇಳಿದೆ. ಕಣ್ಣಿನ ಮಾತು ಅದರಲ್ಲಿ ಇರಲಿಲ್ಲ. ಸುಳ್ಳೂ ಇರಲಿಲ್ಲ. ನಾನು 'ಸಂಪಾದಕರ ಗಮನಕ್ಕೆ ಬಂದಂತೆ' ಎಂದು ಬರೆದಿದ್ದ ಕಡೆ ಅವರು ತಡೆದು, 'ಗಮನಕ್ಕೆ ತಂದದ್ದು ಆ ಹುಡುಗಿ, ಅದನ್ನು ಹಾಗೇ ಬರಿ' ಎಂದು ತಿದ್ದಿದರು. ಸಂಜೆ ಐದಕ್ಕೆ ಹಳೆಯ ಶೀರ್ಷಿಕೆಯ ಅಡಿಯಲ್ಲೇ, ನಲವತ್ತೆರಡು ವಿಳಾಸಗಳಿಗೂ ಹೋದ ಪತ್ರ ಇಷ್ಟು: 'ಸೋಮವಾರ ಕೇಳಲಾದ ಪ್ರಶ್ನೆಗೆ ಉತ್ತರ. ಲೇಖಕರು ಪಡಿಯಚ್ಚನ್ನೂ ಕ್ಷೇತ್ರಟಿಪ್ಪಣಿಯನ್ನೂ ಪರಿಶೀಲಿಸಿದ್ದು, ಎರಡರಲ್ಲೂ ಪಾಠ ಶೋಭಕೃತ್ ಎಂದಿದೆ. ಬೆರಳಚ್ಚಿನಲ್ಲಿ ಅದು ಬದಲಾಗಿದೆ. ಶಕವರ್ಷ 1045 ಗತವರ್ಷ, ಕ್ರಿ.ಶ. 1123. ಈ ಇಸವಿಯನ್ನು ಬಳಸಿರುವವರು ದಯವಿಟ್ಟು ತಮ್ಮ ಪುಟಗಳನ್ನು ತಿದ್ದಿಕೊಳ್ಳಬೇಕು. ಇದನ್ನು ಗಮನಕ್ಕೆ ತಂದ ಸಂಶೋಧಕಿಗೆ ಲೇಖಕರೂ ಸಂಪಾದಕ ಮಂಡಲಿಯೂ ಕೃತಜ್ಞರು.'

ವಂಶಾವಳಿಯ ಲೇಖಕರು ಅರ್ಧ ಗಂಟೆಯಲ್ಲಿ ತಮ್ಮ ಎರಡು ಪುಟಗಳ ತಿದ್ದುಪಡಿಯನ್ನು ಕಳುಹಿಸಿದರು. ಹಿರಿಯರು ಮೊಮ್ಮಗನಿಂದ ಟೈಪು ಮಾಡಿಸಿ ಸಂಶೋಧಕಿಗೆ ನೇರವಾಗಿ ಏನನ್ನೋ ಬರೆದರೆಂದು ಆಮೇಲೆ ತಿಳಿಯಿತು. ಏನು ಬರೆದರೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಸರಣಿ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಆ ರಾತ್ರಿಯೊಳಗೆ ಹದಿನಾಲ್ಕು ಜನರು 'ಉತ್ತಮ ನಿರ್ಣಯ', 'ಅಭಿನಂದನೆಗಳು', 'ಕೈಮುಗಿದೆ' ಎಂದು ಒಬ್ಬೊಬ್ಬರಾಗಿ ಎಲ್ಲರಿಗೂ ಬರೆದರು. ಮೊದಲೇ ಕೈಬಿಡಿ ಎಂದು ಕೇಳಿಕೊಂಡಿದ್ದ ಮಹನೀಯರೂ ಅವರಲ್ಲಿ ಒಬ್ಬರಾಗಿದ್ದರು.